ಒಂದೇ ವೈರ್‌ನ ಎರಡೂ ತುದಿ ಒಂದೇ ಸ್ವಿಚ್‌ಗೆ: ಇಡೀ ಕಾಲೇಜಿನ ನೆಟ್‌ವರ್ಕ್ ಯಾಕೆ ಕೂತುಬಿಟ್ಟಿತು?

ಪ್ರಶ್ನೆ: ನಮ್ಮದು ಮೂರು ಮಹಡಿಯ ಕಾಲೇಜು, ಸುಮಾರು 120 ಕಂಪ್ಯೂಟರ್ ಇವೆ. ಕಳೆದ ವಾರ ಬೆಳಿಗ್ಗೆ ಇಂಟರ್ನೆಟ್, ಪ್ರಿಂಟರ್, ಸಿಸಿಟಿವಿ, ಹಾಜರಿ ಮೆಷಿನ್ ಎಲ್ಲ ಒಟ್ಟಿಗೆ ನಿಂತುಹೋದವು. ರೂಟರ್, ಸ್ವಿಚ್ ಎಲ್ಲ ಆಫ್ ಮಾಡಿ ಆನ್ ಮಾಡಿದೆವು, ಉಪಯೋಗ ಆಗಲಿಲ್ಲ. ಸಂಜೆ ಗೊತ್ತಾಯಿತು, ಎರಡನೇ ಮಹಡಿಯ ಲ್ಯಾಬ್‌ನಲ್ಲಿ ಯಾರೋ ಒಂದೇ ವೈರ್‌ನ ಎರಡೂ ತುದಿಯನ್ನು ಎಂಟು ಪೋರ್ಟ್‌ನ ಸಣ್ಣ ಸ್ವಿಚ್‌ಗೆ ಸಿಕ್ಕಿಸಿದ್ದರು. ತೆಗೆದ ತಕ್ಷಣ ಎಲ್ಲ ಸರಿಹೋಯಿತು. ಒಂದು ಮೀಟರ್ ವೈರ್ ಇಡೀ ಕಾಲೇಜನ್ನು ಹೇಗೆ ನಿಲ್ಲಿಸುತ್ತದೆ? ಮೇನ್ ಸ್ವಿಚ್‌ನಲ್ಲಿ ಎಸ್‌ಟಿಪಿ ಆನ್ ಇದೆ, ಲೂಪ್ ಆದರೆ ಅದೇ ತಡೆಯುತ್ತದೆ ಅಂತ ಹಾಕಿಕೊಟ್ಟವರು ಹೇಳಿದ್ದರು. ಯಾಕೆ ತಡೆಯಲಿಲ್ಲ? ಮತ್ತೆ ಹೀಗಾದರೆ ಬೇಗ ಹುಡುಕುವುದು ಹೇಗೆ?

ಉತ್ತರ: ಮೊದಲು ಒಂದು ಮಾತು. ಆ ವೈರ್ ಸಿಕ್ಕಿಸಿದವರನ್ನು ಹುಡುಕಿ ಬೈಯಲು ಹೋಗಬೇಡಿ. ಒಂದು ತುದಿ ಸ್ವಿಚ್‌ನಲ್ಲಿದ್ದು ಇನ್ನೊಂದು ತುದಿ ಮೇಜಿನ ಕೆಳಗೆ ನೇತಾಡುತ್ತಿದ್ದರೆ, ಕಂಡವರಿಗೆ "ಅಯ್ಯೋ, ಗುಡಿಸುವಾಗ ಕಿತ್ತುಬಂತೇನೋ" ಅನಿಸುವುದು ಸಹಜ. ಪಕ್ಕದಲ್ಲೇ ಖಾಲಿ ಸಾಕೆಟ್ ಇರುತ್ತದೆ, ಸಿಕ್ಕಿಸಿಬಿಡುತ್ತಾರೆ. ಕಂಪ್ಯೂಟರ್ ಎತ್ತಿಕೊಂಡು ಹೋಗುವಾಗ ವೈರ್‌ನ ಒಂದೇ ತುದಿ ಬಿಚ್ಚಿ, ಇನ್ನೊಂದನ್ನು ಸ್ವಿಚ್‌ನಲ್ಲೇ ಬಿಟ್ಟು ಹೋದವರದ್ದೇ ನಿಜವಾದ ತಪ್ಪು ಅಂತ ನನ್ನ ಲೆಕ್ಕ.

ಹಿಂದೆಲ್ಲ ಈ ಅನಾಹುತ ಇಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ. ಹಳೆಯ ಸ್ವಿಚ್‌ಗಳಲ್ಲಿ ಒಂದು ಸಾಕೆಟ್‌ನಿಂದ ಇನ್ನೊಂದಕ್ಕೆ ಮಾಮೂಲಿ ವೈರ್ ಹಾಕಿದರೆ ಲೈಟೇ ಹತ್ತುತ್ತಿರಲಿಲ್ಲ. ಕಳಿಸುವ ತಂತಿಗೆ ಕಳಿಸುವ ತಂತಿಯೇ ಎದುರಾಗುತ್ತಿತ್ತು. ಅದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆಯೇ ಬೇಕಿತ್ತು. ಈಗಿನ ಸ್ವಿಚ್‌ಗಳು ತಂತಿಯ ಜೋಡಿಯನ್ನು ತಾವೇ ಅದಲುಬದಲು ಮಾಡಿಕೊಳ್ಳುತ್ತವೆ. ನಮಗೆ ಅನುಕೂಲ ಆಯಿತು, ಜೊತೆಗೆ ಈ ಪೇಚೂ ಬಂತು.

ಈಗ ನಿಮ್ಮ ಮೊದಲ ಪ್ರಶ್ನೆ. ಸ್ವಿಚ್‌ನ ಕೆಲಸ ತುಂಬಾ ಸರಳ. ಯಾವ ಕಂಪ್ಯೂಟರ್ ಯಾವ ಪೋರ್ಟ್‌ನಲ್ಲಿದೆ ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಮಾಹಿತಿ ಫ್ರೇಮ್ ಅನ್ನುವ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಒಳಗೆ ಬಂದ ಫ್ರೇಮ್ ಯಾರಿಗೆ ಅಂತ ನೋಡಿ ಆ ಪೋರ್ಟ್‌ಗೆ ಮಾತ್ರ ಕೊಡುತ್ತದೆ. ಆದರೆ ಕೆಲವು ಫ್ರೇಮ್‌ಗಳು ಎಲ್ಲರಿಗೂ ಅಂತಲೇ ಬರುತ್ತವೆ, ಊರಲ್ಲಿ ಡಂಗುರ ಸಾರಿದ ಹಾಗೆ. ಅವುಗಳ ಮೇಲಿನ ವಿಳಾಸ `ff:ff:ff:ff:ff:ff`. ಅದೇ ಬ್ರಾಡ್‌ಕಾಸ್ಟ್. "192.168.1.1 ಯಾರಪ್ಪಾ, ನಿನ್ನ ವಿಳಾಸ ಹೇಳು" ಅಂತ ಕೇಳುವ ಎಆರ್‌ಪಿ ಪ್ರಶ್ನೆ ಹೀಗೆ ಹೋಗುತ್ತದೆ. "ನನಗೊಂದು ಐಪಿ ಕೊಡಿ" ಅನ್ನುವ ಡಿಎಚ್‌ಸಿಪಿ ಕೋರಿಕೆಯೂ ಹೀಗೇ ಹೋಗುತ್ತದೆ. ಇಂಥದ್ದು ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದ ಎಲ್ಲ ಪೋರ್ಟ್‌ಗೂ ಕೊಡಬೇಕು. ಅದು ಅದರ ಧರ್ಮ.

ನಿಮ್ಮ ಲ್ಯಾಬ್‌ನ ಎಂಟು ಪೋರ್ಟ್ ಸ್ವಿಚ್‌ನಲ್ಲಿ ವೈರ್ 5 ಮತ್ತು 6ರ ನಡುವೆ ಇತ್ತು ಅಂತ ಇಟ್ಟುಕೊಳ್ಳಿ. 1ನೇ ಪೋರ್ಟ್‌ನ ಕಂಪ್ಯೂಟರ್ ಒಂದೇ ಒಂದು ಎಆರ್‌ಪಿ ಪ್ರಶ್ನೆ ಕೇಳಿತು. ಸ್ವಿಚ್ ಅದನ್ನು 2ರಿಂದ 8ರವರೆಗೆ ಎಲ್ಲಕ್ಕೂ ಕೊಟ್ಟಿತು. 5ರಿಂದ ಹೊರಗೆ ಹೋದದ್ದು ವೈರ್ ಹಿಡಿದು 6ಕ್ಕೆ ಒಳಗೆ ಬಂತು. ಸ್ವಿಚ್‌ಗೆ ಇದು ಹೊಸ ಫ್ರೇಮ್. ಮತ್ತೆ ಎಲ್ಲ ಪೋರ್ಟ್‌ಗೂ ಹಂಚಿತು, 5ಕ್ಕೂ ಕೊಟ್ಟಿತು. ಅದು ಮತ್ತೆ 6ಕ್ಕೆ ಬಂತು. ಇದೇ ಹೊತ್ತಿಗೆ 6ರಿಂದ ಹೊರಟ ಇನ್ನೊಂದು ಪ್ರತಿ ಎದುರು ದಿಕ್ಕಿನಲ್ಲಿ 5ಕ್ಕೆ ಬಂದು ಅದೇ ಆಟ ಆಡುತ್ತಿರುತ್ತದೆ. ಒಂದು ಪ್ರಶ್ನೆಗೆ ಎರಡು ಪ್ರತಿ, ಎರಡೂ ಕೊನೆಯಿಲ್ಲದೆ ಸುತ್ತುತ್ತವೆ.

ಕೊನೆ ಯಾಕಿಲ್ಲ? ಐಪಿ ಪ್ಯಾಕೆಟ್‌ಗಾದರೆ ಒಂದು ಆಯಸ್ಸು ಬರೆದಿರುತ್ತದೆ, ಟಿಟಿಎಲ್ ಅಂತ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ಗೆ ಅಂಥ ಆಯಸ್ಸೇ ಇಲ್ಲ. ಅದು ಎಷ್ಟನೇ ಸಲ ಬಂತು ಅಂತ ತಿಳಿಯಲು ಸ್ವಿಚ್‌ಗೆ ಯಾವ ದಾರಿಯೂ ಇಲ್ಲ. ವೈರ್ ಕೀಳುವವರೆಗೆ ಅಥವಾ ಜಾಗ ಸಾಲದೆ ಸ್ವಿಚ್ ತಾನೇ ಎಸೆಯುವವರೆಗೆ ಸುತ್ತುತ್ತದೆ.

ವೇಗ ಎಷ್ಟಿರಬಹುದು ನೋಡೋಣ. ಒಂದು ಸುತ್ತಿಗೆ 10 ಮೈಕ್ರೋಸೆಕೆಂಡ್ ಅಂತ ಇಟ್ಟುಕೊಂಡರೂ ಸೆಕೆಂಡಿಗೆ 1 ಲಕ್ಷ ಸುತ್ತು. ಎರಡು ದಿಕ್ಕಿಗೆ 2 ಲಕ್ಷ. ಅಂದರೆ ಒಂದು ಕಂಪ್ಯೂಟರ್ ಒಂದೇ ಸಲ ಕೇಳಿದ ಪ್ರಶ್ನೆ ಉಳಿದ ಪ್ರತಿ ಪೋರ್ಟ್‌ಗೂ ಸೆಕೆಂಡಿಗೆ 2 ಲಕ್ಷ ಸಲ ಹೋಗಬೇಕು. 100 ಎಂಬಿಪಿಎಸ್ ವೈರ್‌ನಲ್ಲಿ ಅತಿ ಸಣ್ಣ ಫ್ರೇಮ್‌ಗಳು ಸೆಕೆಂಡಿಗೆ ಹೆಚ್ಚೆಂದರೆ 1.48 ಲಕ್ಷ ಹಿಡಿಯುತ್ತವೆ. ಒಂದೇ ಪ್ರಶ್ನೆಗೆ ವೈರ್ ತುಂಬಿಹೋಯಿತು, ಅಲ್ವಾ? ಗಿಗಾಬಿಟ್ ವೈರ್ ಇದರ ಹತ್ತರಷ್ಟು ಹಿಡಿಯುತ್ತದೆ ನಿಜ. ಆದರೆ 120 ಕಂಪ್ಯೂಟರ್ ಇರುವ ಕಡೆ ಹತ್ತಾರು ಬ್ರಾಡ್‌ಕಾಸ್ಟ್ ಸೇರಲು ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟರಲ್ಲಿ ಅದೂ ತುಂಬುತ್ತದೆ.

ಇನ್ನೊಂದು ವಿಷಯ ಸುಮ್ನೆ ಹೇಳಿಬಿಡುತ್ತೇನೆ. ಲೂಪ್ ಒಂದೇ ಇದ್ದರೆ ಪ್ರತಿಗಳು ಸುತ್ತುತ್ತವೆ, ಆದರೆ ಮರಿ ಹಾಕುವುದಿಲ್ಲ. ಅದೇ ಸ್ವಿಚ್‌ನಲ್ಲಿ 7 ಮತ್ತು 8ರ ನಡುವೆ ಇನ್ನೊಂದು ವೈರ್ ಇದ್ದರೆ ಒಳಗೆ ಬಂದ ಒಂದೊಂದು ಪ್ರತಿಯೂ ಲೂಪ್ ಇರುವ ಬೇರೆ ಮೂರು ಪೋರ್ಟ್‌ಗೆ ಹೋಗುತ್ತದೆ. ಒಂದು ಸುತ್ತಿಗೆ ಮೂರು ಪಟ್ಟು. ಆಗ ಲೆಕ್ಕ ಹಾಕುವುದೇ ಬೇಡ.

ಎಂಟು ಪೋರ್ಟ್ ಸ್ವಿಚ್‌ನಿಂದ ಮೇನ್ ಸ್ವಿಚ್‌ಗೆ ಒಂದು ಅಪ್‌ಲಿಂಕ್ ವೈರ್ ಹೋಗಿದೆ. ಅದಕ್ಕೂ ಇದೇ ಡಂಗುರ ಪೂರ್ತಿ ವೇಗದಲ್ಲಿ ಹೋಗುತ್ತದೆ. ಮೇನ್ ಸ್ವಿಚ್ ಅದನ್ನು ಮೂರೂ ಮಹಡಿಗೆ ನಿಯತ್ತಾಗಿ ಹಂಚುತ್ತದೆ. ನಿಮ್ಮಲ್ಲಿ ಕ್ಯಾಮೆರಾ, ಹಾಜರಿ ಮೆಷಿನ್, ಆಫೀಸ್, ಲ್ಯಾಬ್ ಎಲ್ಲ ಒಂದೇ `192.168.1.x` ಸಾಲಿನಲ್ಲಿ, ಒಂದೇ ವಿಲ್ಯಾನ್‌ನಲ್ಲಿ ಇರಬೇಕು. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಗೋಡೆ ಕಟ್ಟಿ ಮಾಡಿದ ಬೇರೆ ಬೇರೆ ನೆಟ್‌ವರ್ಕ್. ಎಲ್ಲವೂ ಒಟ್ಟಿಗೆ ನಿಂತವು ಅಂದದ್ದರಿಂದ ಊಹಿಸುತ್ತಿದ್ದೇನೆ. ಬೇರೆ ಬೇರೆ ವಿಲ್ಯಾನ್ ಮಾಡಿದ್ದಿದ್ದರೆ ಲ್ಯಾಬ್‌ನ ಬ್ರಾಡ್‌ಕಾಸ್ಟ್ ಲ್ಯಾಬ್‌ನ ವಿಲ್ಯಾನ್ ದಾಟುತ್ತಿರಲಿಲ್ಲ. ಮಹಡಿಗಳ ನಡುವಿನ ಲೈನ್ ಮಾತ್ರ ಎಲ್ಲರಿಗೂ ಒಂದೇ ಆದ್ದರಿಂದ ಅಲ್ಲಿ ಸ್ವಲ್ಪ ಬಿಸಿ ತಟ್ಟುತ್ತಿತ್ತು.

ವೈರ್ ತುಂಬುವುದು ಒಂದು ತೊಂದರೆ ಅಷ್ಟೇ. ಅದಕ್ಕಿಂತ ಕೆಟ್ಟದ್ದು ಸ್ವಿಚ್‌ನ ಪಟ್ಟಿ ಕೆಡುವುದು. ಫ್ರೇಮ್ ಯಾವ ಪೋರ್ಟ್‌ನಿಂದ ಬಂತೋ ಕಳಿಸಿದವರು ಅಲ್ಲೇ ಇದ್ದಾರೆ ಅಂತ ಸ್ವಿಚ್ ಬರೆದುಕೊಳ್ಳುತ್ತದೆ. ಆಫೀಸ್ ಕಂಪ್ಯೂಟರ್ ಮೇನ್ ಸ್ವಿಚ್‌ನ 3ನೇ ಪೋರ್ಟ್‌ನಲ್ಲಿದೆ, ಲ್ಯಾಬ್ 18ರಲ್ಲಿದೆ ಅನ್ನಿ. ಆಫೀಸ್‌ನ ಒಂದು ಬ್ರಾಡ್‌ಕಾಸ್ಟ್ ಲ್ಯಾಬ್‌ಗೆ ಹೋಗಿ, ಲೂಪ್ ಸುತ್ತಿ, 18ರಿಂದ ವಾಪಸ್ ಬರುತ್ತದೆ. ಕಳಿಸಿದವರ ವಿಳಾಸ ಮಾತ್ರ ಆಫೀಸ್ ಕಂಪ್ಯೂಟರ್‌ನದ್ದೇ. "ಓ, ಇವರು 18ಕ್ಕೆ ಹೋಗಿದ್ದಾರೆ" ಅಂತ ಮೇನ್ ಸ್ವಿಚ್ ತಿದ್ದಿಕೊಳ್ಳುತ್ತದೆ. ಇನ್ನು ಆಫೀಸ್‌ಗೆ ಹೋಗಬೇಕಾದ ಫ್ರೇಮ್‌ಗಳೆಲ್ಲ ಲ್ಯಾಬ್ ಕಡೆಗೆ ಹೋಗಿ ಕಳೆದುಹೋಗುತ್ತವೆ. ಹಾಗಾಗಿ ಲೈನ್‌ನಲ್ಲಿ ಜಾಗ ಉಳಿದಿದ್ದರೂ ಕೆಲಸ ನಡೆಯುವುದಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ. ಕಳ್ಳನನ್ನು ಹಿಡಿಯಲು ಇದೇ ಸುಳಿವು.

ವೈಫೈ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಆಕ್ಸೆಸ್ ಪಾಯಿಂಟ್ ಬ್ರಾಡ್‌ಕಾಸ್ಟನ್ನು ದೂರದಲ್ಲಿರುವ ಫೋನ್‌ಗೂ ಕೇಳಲಿ ಅಂತ ತೀರಾ ನಿಧಾನದ ವೇಗದಲ್ಲಿ ಕಳಿಸುತ್ತದೆ, ಸಾಮಾನ್ಯವಾಗಿ 1 ಅಥವಾ 6 ಎಂಬಿಪಿಎಸ್. ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಮೌಸ್ ಕೂಡ ಎಳೆದಾಡಿದ ಹಾಗೆ ಆಗುವುದುಂಟು. ಬ್ರಾಡ್‌ಕಾಸ್ಟ್ ಎಲ್ಲರಿಗೂ ಅಂತ ಇರುವುದರಿಂದ ಪ್ರತಿಯೊಂದು ಕಂಪ್ಯೂಟರೂ ಅದನ್ನು ಓದಲೇಬೇಕು. ಆನ್-ಆಫ್ ಮಾಡಿ ಉಪಯೋಗ ಆಗಲಿಲ್ಲ ಅಂದಿರಿ. ಆಫ್ ಮಾಡಿದಾಗ ಸುತ್ತುತ್ತಿದ್ದ ಫ್ರೇಮ್‌ಗಳೆಲ್ಲ ಸತ್ತವು ನಿಜ, ಆದರೆ ವೈರ್ ಅಲ್ಲೇ ಇತ್ತು. ಆನ್ ಆದ ಮೇಲೆ ಮೊದಲ ಎಆರ್‌ಪಿ ಬಂದ ಕೂಡಲೇ ಮತ್ತೆ ಶುರು.

ಈಗ ಎಸ್‌ಟಿಪಿ ವಿಷಯಕ್ಕೆ ಬರೋಣ. ಹಾಕಿಕೊಟ್ಟವರು ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದರು. ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲನ್ನು 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರಾಡಿಯಾ ಪರ್ಲ್‌ಮನ್ ರೂಪಿಸಿದರು. 1990ರಲ್ಲಿ ಅದು 802.1ಡಿ ಅನ್ನುವ ಐಇಇಇ ಮಾನದಂಡ ಆಯಿತು. ಸ್ವಿಚ್‌ಗಳು ಪ್ರತಿ 2 ಸೆಕೆಂಡಿಗೆ ಬಿಪಿಡಿಯು ಅನ್ನುವ ಸಣ್ಣ ಚೀಟಿ ಕಳಿಸಿಕೊಳ್ಳುತ್ತವೆ. ಒಂದೇ ಕಡೆಗೆ ಎರಡು ದಾರಿ ಇದೆ ಅಂತ ಗೊತ್ತಾದರೆ ಒಂದನ್ನು ಮುಚ್ಚುತ್ತವೆ. ಆ ವೈರನ್ನು ನಿಮ್ಮ ಮೇನ್ ಸ್ವಿಚ್‌ನಲ್ಲೇ ಎರಡು ಪೋರ್ಟ್‌ಗೆ ಸಿಕ್ಕಿಸಿದ್ದರೆ ಒಂದು ಪೋರ್ಟ್ ಮುಚ್ಚಿಕೊಂಡು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಲೂಪ್ ಇದ್ದದ್ದು ಎಂಟು ಪೋರ್ಟ್‌ನ ಸಾದಾ ಸ್ವಿಚ್‌ನಲ್ಲಿ. ಅದಕ್ಕೆ ಎಸ್‌ಟಿಪಿ ಅಂದರೇನು ಅಂತಲೇ ಗೊತ್ತಿಲ್ಲ. ಮೇನ್ ಸ್ವಿಚ್‌ನಿಂದ ಅಲ್ಲಿಗೆ ಹೋಗಿರುವುದು ಒಂದೇ ದಾರಿ. ಎರಡು ದಾರಿಯೇ ಇಲ್ಲದ ಮೇಲೆ ಅದು ಏನನ್ನು ಮುಚ್ಚಬೇಕು? ಲೂಪ್ ಇದೆ ಅಂತ ತಿಳಿಯಲು ಮೇನ್ ಸ್ವಿಚ್‌ಗೆ ಒಂದೇ ಅವಕಾಶ: ತಾನು ಕಳಿಸಿದ ಚೀಟಿ ಲೂಪ್ ಸುತ್ತಿ, ಅದೇ ಪೋರ್ಟ್‌ಗೆ ವಾಪಸ್ ಬರಬೇಕು. ಕೆಲವು ಸಾದಾ ಸ್ವಿಚ್‌ಗಳು ಆ ಚೀಟಿಯನ್ನು ಮಾಮೂಲಿ ಫ್ರೇಮ್‌ನಂತೆ ಹಂಚುತ್ತವೆ, ಆಗ ಅದು ವಾಪಸ್ ಬರುತ್ತದೆ. ಇನ್ನು ಕೆಲವು ನುಂಗಿಬಿಡುತ್ತವೆ. ತಮಾಷೆ ಏನೆಂದರೆ ನುಂಗುವವೇ ನಿಯಮದ ಪ್ರಕಾರ ಸರಿ. ಚೀಟಿಯ ವಿಳಾಸ `01:80:c2:00:00:00`. ಇದನ್ನು ಮುಂದಕ್ಕೆ ದಾಟಿಸಬಾರದು ಅಂತ ಆ ಮಾನದಂಡವೇ ಹೇಳುತ್ತದೆ. ಅಂಥ ಸ್ವಿಚ್‌ನ ಹಿಂದೆ ಲೂಪ್ ಇದ್ದರೆ ಮೇನ್ ಸ್ವಿಚ್‌ಗೆ ಅಲ್ಲಿ ಒಂದು ಬಡಪಾಯಿ ಕಂಪ್ಯೂಟರ್ ಇದ್ದ ಹಾಗೆ ಕಾಣುತ್ತದೆ ಅಷ್ಟೇ. ಚೀಟಿ ವಾಪಸ್ ಬಂದರೂ, ಬಂದಾಗ ಏನು ಮಾಡಬೇಕು ಅಂತ ನಾವು ಹೇಳಿರಬೇಕು. ಬರೀ ಎಸ್‌ಟಿಪಿ ಆನ್ ಇದ್ದರೆ ಕೆಲವು ಮಾಡೆಲ್‌ಗಳು ಅರ್ಥ ಮಾಡಿಕೊಂಡು ಪೋರ್ಟ್ ಮುಚ್ಚುತ್ತವೆ, ಕೆಲವು ಮುಚ್ಚುವುದಿಲ್ಲ.

ಹುಡುಕುವ ಬಗೆಯನ್ನು ನಾನೇ ಒದ್ದಾಡಿದ ಒಂದು ಘಟನೆಯಿಂದ ಹೇಳುತ್ತೇನೆ. ಹುಬ್ಬಳ್ಳಿಯ ಒಂದು ಕಚೇರಿ. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು, "ಸರ್, ಇಂಟರ್ನೆಟ್ ಲೈನ್ ಹೋಗಿದೆ, ಕಂಪನಿಯವರಿಗೆ ಕಂಪ್ಲೇಂಟ್ ಕೊಟ್ಟಿದ್ದೀವಿ." ಹೋಗಿ ರ‍್ಯಾಕ್ ಬಾಗಿಲು ತೆಗೆದರೆ ಎಲ್ಲ ಪೋರ್ಟ್‌ನ ಲೈಟೂ ಒಂದೇ ತಾಳಕ್ಕೆ ಕುಣಿಯುತ್ತಿತ್ತು. ಮಾಮೂಲಿ ದಿನ ಒಂದೊಂದು ಲೈಟು ಒಂದೊಂದು ಲಯದಲ್ಲಿ ಮಿನುಗುತ್ತದೆ. ಎಲ್ಲವೂ ಒಟ್ಟಿಗೆ, ಬಿಡದೆ, ಹುಚ್ಚು ಹಿಡಿದ ಹಾಗೆ ಮಿನುಗಿದರೆ ಎಲ್ಲ ಪೋರ್ಟ್‌ನಿಂದಲೂ ಒಂದೇ ಫ್ರೇಮ್ ಹೋಗುತ್ತಿದೆ ಅಂತ ಅರ್ಥ. ಲೈನ್ ಹೋಗಿದ್ದರೆ ಹೀಗೆ ಆಗುವುದಿಲ್ಲ. ಪಕ್ಕದ ಟೇಬಲ್‌ನ ಪ್ರಿಂಟರ್‌ಗೂ ಪಿಂಗ್ ಹೋಗುತ್ತಿರಲಿಲ್ಲ. ಪ್ರಿಂಟರ್‌ಗೆ ಇಂಟರ್ನೆಟ್ ಯಾಕೆ ಬೇಕು ಹೇಳಿ? ಅಲ್ಲಿಗೆ ತೊಂದರೆ ಒಳಗಿನದ್ದೇ ಅಂತ ಖಚಿತವಾಯಿತು.

ಮೇನ್ ಸ್ವಿಚ್‌ನ ಪೇಜ್ ಬ್ರೌಸರ್‌ನಲ್ಲಿ ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ, ಆ ದಾರಿಯೇ ತುಂಬಿಹೋಗಿತ್ತಲ್ಲ. ಇಂಥ ಹೊತ್ತಿಗೇ ಕನ್ಸೋಲ್ ಕೇಬಲ್ ಬೇಕಾಗುವುದು. ನೆಟ್‌ವರ್ಕ್‌ನ ಹಂಗಿಲ್ಲದೆ ಲ್ಯಾಪ್‌ಟಾಪ್‌ನಿಂದ ನೇರ ಸ್ವಿಚ್‌ನ ಒಳಗೆ ಹೋಗಬಹುದು. ನಿಮ್ಮ ರ‍್ಯಾಕ್‌ನಲ್ಲಿ ಒಂದು ಇಟ್ಟಿರಿ. ಅದು ಸಿಸ್ಕೋ ಸ್ವಿಚ್ ಆಗಿತ್ತು. ಲಾಗ್ ನೋಡಿದೆ:

```
show logging | include MACFLAP

%SW_MATM-4-MACFLAP_NOTIF: Host 0000.5e00.5311 in vlan 1 is flapping between port Gi0/3 and port Gi0/18
%SW_MATM-4-MACFLAP_NOTIF: Host 0000.5e00.5327 in vlan 1 is flapping between port Gi0/11 and port Gi0/18
%SW_MATM-4-MACFLAP_NOTIF: Host 0000.5e00.5340 in vlan 1 is flapping between port Gi0/18 and port Gi0/7
```

(ಕಂಪ್ಯೂಟರ್‌ಗಳ ವಿಳಾಸ ಬದಲಿಸಿದ್ದೇನೆ.) ಈಗ ಮೇಲೆ ಹೇಳಿದ ಸುಳಿವನ್ನು ನೆನಪಿಸಿಕೊಳ್ಳಿ. ಮೂರು ಬೇರೆ ಬೇರೆ ಕಂಪ್ಯೂಟರ್. ಒಂದರ ನಿಜವಾದ ಮನೆ 3, ಇನ್ನೊಂದರದ್ದು 11, ಮತ್ತೊಂದರದ್ದು 7. ಆದರೆ ಮೂರೂ 18ರಲ್ಲೂ ಕಾಣಿಸಿಕೊಂಡಿವೆ. ಮೂರು ಸಾಲಿನಲ್ಲೂ ಇರುವ ಪೋರ್ಟ್ 18. ಎಲ್ಲರ ಡಂಗುರವೂ ಸುತ್ತಿ ವಾಪಸ್ ಬರುತ್ತಿರುವುದು ಅಲ್ಲಿಂದ. ಯಾವ ಕಂಪ್ಯೂಟರ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅವು ಪಾಪದವು. ಎಲ್ಲ ಸಾಲಿನಲ್ಲೂ ಬರುವ ಪೋರ್ಟ್ ಯಾವುದು ಅನ್ನುವುದಷ್ಟೇ ನೋಡಿ. ಅನುಮಾನ ಇದ್ದರೆ ಆ ಪೋರ್ಟ್‌ಗೆ ಒಳಬರುವ ವೇಗ ನೋಡಬಹುದು:

```
show interfaces GigabitEthernet0/18 | include rate|broadcasts
```

ಇಲ್ಲಿ `input rate` ನೋಡಬೇಕು, `output rate` ಅಲ್ಲ. ಹೀಗೆ ಬ್ರಾಡ್‌ಕಾಸ್ಟ್‌ನ ಬಿರುಗಾಳಿ ಎದ್ದಾಗ ಎಲ್ಲ ಪೋರ್ಟ್‌ನಲ್ಲೂ ಹೊರಹೋಗುವುದು ಜಾಸ್ತಿ ಇರುತ್ತದೆ. ಒಳಬರುವುದು ಹಾಗೆ ಏರಿರುವ ಪೋರ್ಟ್ ಯಾವುದೋ ಲೂಪ್ ಆ ಕಡೆ ಇದೆ. ಇದು ಐದು ನಿಮಿಷದ ಸರಾಸರಿ ತೋರಿಸುವುದರಿಂದ ಶುರುವಿನಲ್ಲಿ ಸಂಖ್ಯೆ ನಿಧಾನಕ್ಕೆ ಏರುತ್ತದೆ, ಮೋಸ ಹೋಗಬೇಡಿ.

18ಕ್ಕೆ `shutdown` ಕೊಟ್ಟೆ. ತಕ್ಷಣ ಉಳಿದ ಕಡೆಯೆಲ್ಲ ಲೈಟು ತಣ್ಣಗಾಯಿತು. ಆ ವೈರ್ ಹಿಡಿದು ಹೋದರೆ ಒಂದು ಟ್ರೇನಿಂಗ್ ರೂಮ್. ಮೇಜಿನ ಕೆಳಗೆ ಡಬಲ್ ಟೇಪ್ ಹಾಕಿ ಅಂಟಿಸಿದ ಎಂಟು ಪೋರ್ಟ್ ಸ್ವಿಚ್. ಮೇನ್ ಸ್ವಿಚ್‌ನಿಂದ ಕಡಿದುಹೋಗಿದ್ದರೂ, ರೂಮಿನ ಕಂಪ್ಯೂಟರ್‌ಗಳೆಲ್ಲ ಆಫ್ ಇದ್ದರೂ ಅದರ ಲೈಟುಗಳು ಮಾತ್ರ ಇನ್ನೂ ಕುಣಿಯುತ್ತಿದ್ದವು. ಯಾರೂ ಮಾತಾಡದಿದ್ದರೂ ಹಳೆಯ ಫ್ರೇಮ್‌ಗಳು ಸುತ್ತುತ್ತಲೇ ಇದ್ದವು. ಲೂಪ್ ಇರುವ ಸ್ವಿಚ್ ತನ್ನನ್ನು ತಾನೇ ಹೀಗೆ ಬಿಟ್ಟುಕೊಡುತ್ತದೆ. ನೀಲಿ ವೈರ್ ಒಂದರ ಎರಡೂ ತುದಿ ಅದರಲ್ಲೇ ಇತ್ತು. ಹಿಂದಿನ ಸಂಜೆ ಪ್ರೊಜೆಕ್ಟರ್ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದರಂತೆ. ನಾನು ರ‍್ಯಾಕ್ ಮುಂದೆ ಕೂತು ವೈರ್ ಕೀಳುವವರೆಗೆ ಹಿಡಿದದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಆ ಟ್ರೇನಿಂಗ್ ರೂಮಿನ ಬೀಗದ ಕೈ ಹುಡುಕಲು ಹೋಯಿತು.

ಲಾಗ್ ತೋರಿಸುವ ಸ್ವಿಚ್ ಇಲ್ಲದ ಕಡೆ, ಅಥವಾ ಕನ್ಸೋಲ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ಕಡೆ, ಕೈಯಿಂದಲೇ ಹುಡುಕಬೇಕು. ರ‍್ಯಾಕ್‌ನಲ್ಲಿ ಪ್ರತಿ ಮಹಡಿಗೆ ಹೋಗುವ ವೈರ್ ಮೇಲೆ ಚೀಟಿ ಅಂಟಿಸಿ, ಒಂದೊಂದಾಗಿ ಕಿತ್ತು, ಐದಾರು ಸೆಕೆಂಡ್ ಲೈಟು ನೋಡಿ. ತುಂಬಾ ಜನ ಇಲ್ಲೊಂದು ತಪ್ಪು ಮಾಡುತ್ತಾರೆ. ಒಂದನ್ನು ಕಿತ್ತು, ಬದಲಾವಣೆ ಕಾಣಲಿಲ್ಲ ಅಂತ ವಾಪಸ್ ಹಾಕಿ, ಮುಂದಿನದ್ದಕ್ಕೆ ಹೋಗುತ್ತಾರೆ. ಲೂಪ್ ಎರಡು ಕಡೆ ಇದ್ದರೆ ಹೀಗೆ ಮಾಡಿದಾಗ ಯಾವತ್ತೂ ಸಿಗುವುದಿಲ್ಲ. ಕಿತ್ತದ್ದನ್ನು ಕಿತ್ತೇ ಇಡಿ. ಲೈಟು ತಣ್ಣಗಾದ ಮೇಲೆ ಒಂದೊಂದಾಗಿ ವಾಪಸ್ ಹಾಕಿ. ಯಾವುದನ್ನು ಹಾಕಿದಾಗ ಮತ್ತೆ ಶುರುವಾಗುತ್ತದೋ ಆ ಮಹಡಿಗೆ ಹೋಗಿ ಅಲ್ಲಿಯ ಸ್ವಿಚ್‌ನಲ್ಲೂ ಹೀಗೇ ಮಾಡಿ. ಕೊನೆಗೆ ಒಂದು ಸಣ್ಣ ಸ್ವಿಚ್‌ನ ಮುಂದೆ ಬಂದು ನಿಲ್ಲುತ್ತೀರಿ.

ಲೂಪೋ, ವೈರಸ್ಸೋ, ಕೆಟ್ಟ ನೆಟ್‌ವರ್ಕ್ ಕಾರ್ಡೋ ಅಂತ ಅನುಮಾನ ಬಂದರೆ ವೈರ್‌ಶಾರ್ಕ್‌ನಲ್ಲಿ ಎರಡು ಸೆಕೆಂಡ್ ಹಿಡಿದರೆ ಸಾಕು. ಲೂಪ್ ಆಗಿದ್ದರೆ ಅದೇ ಫ್ರೇಮ್ ಅಕ್ಷರ ಬಿಡದೆ ಸಾವಿರಾರು ಸಲ ಕಾಣುತ್ತದೆ. ಐಪಿ ಪ್ಯಾಕೆಟ್ ಆದರೆ ಅದರ `Identification` ಸಂಖ್ಯೆಯೂ ಬದಲಾಗಿರುವುದಿಲ್ಲ, ಟಿಟಿಎಲ್ ಒಂದೂ ಕಡಿಮೆಯಾಗಿರುವುದಿಲ್ಲ. ವೈರಸ್ ಬಂದ ಕಂಪ್ಯೂಟರ್ ಹೊಸ ಹೊಸ ಪ್ಯಾಕೆಟ್ ಕಳಿಸುತ್ತಿರುತ್ತದೆ, ಸಾಮಾನ್ಯವಾಗಿ ಎಲ್ಲ ಒಂದೇ ವಿಳಾಸದಿಂದ. ಲೂಪ್‌ನಲ್ಲಿ ಊರಿನ ಎಲ್ಲರ ವಿಳಾಸವೂ ಸಿಗುತ್ತದೆ.

ಸಣ್ಣ ಸ್ವಿಚ್ ಮಾತ್ರ ಹುಡುಕಿದರೆ ಸಾಲದು. ನಿಮ್ಮಲ್ಲಿ ಐಪಿ ಫೋನ್‌ಗಳಿದ್ದರೆ ಅವುಗಳ ಹಿಂದೆಯೂ ನೋಡಿ. ಅವುಗಳಲ್ಲಿ ಎರಡು ಸಾಕೆಟ್ ಇರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರ್‌ಗೆ. ಒಳಗೆ ಇರುವುದೂ ಒಂದು ಪುಟ್ಟ ಸ್ವಿಚ್ಚೇ. ಟೇಬಲ್ ಬದಲಿಸುವಾಗ ಎರಡನ್ನೂ ಗೋಡೆಗೆ ಸಿಕ್ಕಿಸಿದರೆ ಅಲ್ಲಿಗೆ ಲೂಪ್ ಆಯಿತು. ಆಗ ಲಾಗ್‌ನಲ್ಲಿ ಒಂದರ ಬದಲು ಎರಡು ಪೋರ್ಟ್ ಪದೇ ಪದೇ ಕಾಣುತ್ತವೆ.

ಇನ್ನು ತಡೆಯುವುದು. ಕಂಪ್ಯೂಟರ್ ಅಥವಾ ಸಾದಾ ಸ್ವಿಚ್ ಇರುವ ಮೇನ್ ಸ್ವಿಚ್‌ನ ಪೋರ್ಟ್‌ಗಳಿಗೆ ಎರಡು ಕಾವಲು ಹಾಕಬೇಕು. ಒಂದು ಬಿಪಿಡಿಯು ಗಾರ್ಡ್: ಆ ಪೋರ್ಟ್‌ಗೆ ಯಾವ ಎಸ್‌ಟಿಪಿ ಚೀಟಿ ಬಂದರೂ, ತನ್ನದೇ ವಾಪಸ್ ಬಂದರೂ, ಪೋರ್ಟ್ ಬಂದ್. ಚೀಟಿ ನುಂಗುವ ಸ್ವಿಚ್‌ಗಳ ಹಿಂದೆ ಇದು ಕೆಲಸ ಮಾಡುವುದಿಲ್ಲ, ಅದಕ್ಕೆ ಎರಡನೆಯದು ಸ್ಟಾರ್ಮ್ ಕಂಟ್ರೋಲ್: ಸೆಕೆಂಡಿಗೆ ಇಷ್ಟಕ್ಕಿಂತ ಜಾಸ್ತಿ ಬ್ರಾಡ್‌ಕಾಸ್ಟ್ ಒಳಬಂದರೆ ಪೋರ್ಟ್ ಬಂದ್. ಸಿಸ್ಕೋದಲ್ಲಿ ಹೀಗೆ:

```
interface range GigabitEthernet0/1 - 22
 spanning-tree portfast
 spanning-tree bpduguard enable
 storm-control broadcast level pps 500
 storm-control action shutdown
```

ಈ 500 ನನ್ನ ಅಂದಾಜು, ಹಾಗೇ ನಕಲು ಮಾಡಬೇಡಿ. ಲ್ಯಾಬ್‌ನ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಆನ್ ಆಗುವ ಹೊತ್ತಿನಲ್ಲಿ ಆ ಪೋರ್ಟ್‌ಗೆ ಎಷ್ಟು ಬ್ರಾಡ್‌ಕಾಸ್ಟ್ ಬರುತ್ತದೆ ಅಂತ ಒಂದು ದಿನ ನೋಡಿ, ಅದರ ಹತ್ತರಷ್ಟು ಇಡಿ. ತೀರಾ ಕಡಿಮೆ ಇಟ್ಟರೆ ಮೊದಲ ಪೀರಿಯಡ್‌ಗೇ ಲ್ಯಾಬ್ ಬಂದ್ ಆಗುತ್ತದೆ. ಲೂಪ್ ಆದಾಗ ಸಂಖ್ಯೆ ಲಕ್ಷ ದಾಟುವುದರಿಂದ ಸ್ವಲ್ಪ ಉದಾರವಾಗಿದ್ದರೂ ನಷ್ಟ ಇಲ್ಲ. ಮಹಡಿ-ಮಹಡಿ ನಡುವಿನ ಪೋರ್ಟ್‌ಗಳಿಗೆ ಮಾತ್ರ ಈ ಎರಡು ಕಾವಲನ್ನೂ ಹಾಕಬೇಡಿ. ಅಲ್ಲಿ ಎಸ್‌ಟಿಪಿ ಚೀಟಿ ಬರಲೇಬೇಕು. ಸ್ಟಾರ್ಮ್ ಕಂಟ್ರೋಲ್ ಹಾಕಿದರೋ, ಎರಡನೇ ಮಹಡಿಯ ಲೂಪ್‌ಗೆ ಮೂರನೇ ಮಹಡಿಯ ಸ್ವಿಚ್ ಹೆದರಿ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತದೆ. ತಪ್ಪಿಲ್ಲದ ಮಹಡಿ ಕತ್ತಲಾಗುತ್ತದೆ.

ಅಂತರ್ಜಾಲದಲ್ಲಿ `bpdufilter` ಅನ್ನುವ ಸಲಹೆಯೂ ಸಿಗುತ್ತದೆ. ಹೆಸರು ಹತ್ತಿರ ಇದೆ, ಕೆಲಸ ತಿರುಗಾಮುರುಗ. ಪೋರ್ಟ್ ಮೇಲೆ ಅದನ್ನು ಹಾಕಿದರೆ ಚೀಟಿ ಕಳಿಸುವುದೂ ನಿಲ್ಲುತ್ತದೆ, ಬಂದದ್ದನ್ನು ಓದುವುದೂ ನಿಲ್ಲುತ್ತದೆ. ಎಸ್‌ಟಿಪಿಯ ಕಣ್ಣು ಕಟ್ಟಿದ ಹಾಗೆ. ಅದು ಬೇಡ.

ಲ್ಯಾಬ್‌ನಲ್ಲಿರುವ ಸಾದಾ ಸ್ವಿಚ್‌ಗಳನ್ನು ಮುಂದಿನ ಸಲ ಬದಲಿಸುವಾಗ ಮೆನುವಿನಲ್ಲಿ `Loop Prevention` ಅಥವಾ `Loopback Detection` ಇರುವಂಥದ್ದು ತೆಗೆದುಕೊಳ್ಳಿ. ಇವು ಎಸ್‌ಟಿಪಿ ಚೀಟಿಯನ್ನು ನಂಬಿ ಕೂರುವುದಿಲ್ಲ. ತಮ್ಮದೇ ಫ್ರೇಮ್ ಒಂದನ್ನು ಕಳಿಸಿ, ವಾಪಸ್ ಬಂದರೆ ಆ ಪೋರ್ಟ್ ಮುಚ್ಚುತ್ತವೆ. ಲೂಪ್ ಹುಟ್ಟಿದ ಜಾಗದಲ್ಲೇ ಸಾಯುತ್ತದೆ, ಮೇನ್ ಸ್ವಿಚ್‌ವರೆಗೆ ಬರುವುದೇ ಇಲ್ಲ. ಕೊಂಡ ಮೇಲೆ ಅದು ಆನ್ ಇದೆಯೇ ಅಂತ ಮೆನುವಿಗೆ ಹೋಗಿ ನೋಡಿ.

ಇಷ್ಟೆಲ್ಲ ಹಾಕಿದ ಮೇಲೆ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ತಿಳಿಯುವುದು ಒಂದೇ ರೀತಿಯಲ್ಲಿ: ನೀವೇ ಲೂಪ್ ಮಾಡಿ ನೋಡುವುದು. ಕಾಲೇಜು ಬಿಟ್ಟ ಮೇಲೆ, ಪ್ರಾಂಶುಪಾಲರಿಗೂ ಆಫೀಸ್‌ನವರಿಗೂ ಹೇಳಿ, ಲ್ಯಾಬ್‌ನ ಅದೇ ಎಂಟು ಪೋರ್ಟ್ ಸ್ವಿಚ್‌ಗೆ ವೈರ್‌ನ ಎರಡೂ ತುದಿ ಸಿಕ್ಕಿಸಿ. ಅದೇ ಸ್ವಿಚ್ ಆಗಬೇಕು, ಯಾಕೆಂದರೆ ನಿಮ್ಮದು ಚೀಟಿ ದಾಟಿಸುವ ಜಾತಿಯೋ ನುಂಗುವ ಜಾತಿಯೋ ಅನ್ನುವುದು ಆಗಲೇ ಗೊತ್ತಾಗುವುದು. ಬೇರೆ ಮಹಡಿಯ ಒಂದು ಕಂಪ್ಯೂಟರ್‌ನಲ್ಲಿ `ping -t 192.168.1.1` ಓಡುತ್ತಿರಲಿ. ಒಂದೆರಡು ಸೆಕೆಂಡ್ ತಡವರಿಸಿ ಪಿಂಗ್ ಮತ್ತೆ ಸರಾಗ ಓಡಿದರೆ ಕಾವಲು ಕೆಲಸ ಮಾಡಿದೆ. ಲಾಗ್‌ನಲ್ಲಿ `BLOCK_BPDUGUARD` ಅಂತ ಇದ್ದರೆ ಚೀಟಿ ವಾಪಸ್ ಬಂದಿದೆ, `STORM_CONTROL` ಅಂತ ಇದ್ದರೆ ಎರಡನೇ ಕಾವಲು ಹಿಡಿದಿದೆ. ಪಿಂಗ್ ನಿಂತೇ ಹೋದರೆ ವೈರ್ ಕಿತ್ತು, ಯಾವ ಪೋರ್ಟ್‌ಗೆ ಹಾಕುವುದು ಮರೆತಿದ್ದೀರಿ ನೋಡಿ.

ಹೀಗೆ ಬಂದ್ ಆದ ಪೋರ್ಟ್ ಲೂಪ್ ತೆಗೆದ ಮೇಲೂ ತಾನಾಗಿ ತೆರೆಯುವುದಿಲ್ಲ. ಆ ಪೋರ್ಟ್‌ಗೆ `shutdown`, ಆಮೇಲೆ `no shutdown` ಕೊಡಬೇಕು. ತಾನೇ ತೆರೆಯುವ ಹಾಗೆ `errdisable recovery` ಹಾಕಬಹುದು, ಮಾಮೂಲಿ ಅವಧಿ 300 ಸೆಕೆಂಡ್. ನಾನು ಕಾಲೇಜುಗಳಲ್ಲಿ ಅದನ್ನು ಹಾಕುವುದಿಲ್ಲ. ಲ್ಯಾಬ್‌ನವರು ಬಂದು "ನಮ್ಮಲ್ಲಿ ನೆಟ್ ಇಲ್ಲ" ಅಂತ ಹೇಳಿದರೆ ಮಾತ್ರ ಯಾರಾದರೂ ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡುತ್ತಾರೆ.